ಸಾಕ್ಷಿ ನುಡಿಯುವ ಸಣ್ಣ ಪದಗಳು

ಸರ್ಕಾರಿ ಕಡತಗಳ ನಡುವೆ ಸೇವೆ ಸವೆಸಿದ ನನಗೆ, ಟಿಪ್ಪಣಿಯ ಕೆಳಗಿನ ಸಹಿ ನೋಡುವ ಮೊದಲೇ ಬರೆದವರು ಯಾರೆಂಬುದು ಎಷ್ಟೋ ವೇಳೆ ಹೊಳೆಯುತ್ತಿತ್ತು. ಒಬ್ಬರು ಎಲ್ಲೆಡೆ ‘ಹಾಗೂ’ ಎಂದು ಬರೆದರೆ, ಇನ್ನೊಬ್ಬರ ವಾಕ್ಯ ‘ಮತ್ತು’ ಇಲ್ಲದೆ ಮುಂದೆ ಸಾಗುತ್ತಿರಲಿಲ್ಲ. ವಿಷಯ ನೀರಾವರಿಯಾಗಲಿ ನಿವೃತ್ತಿ ವೇತನವಾಗಲಿ, ಆ ರೂಢಿ ಬದಲಾಗುತ್ತಿರಲಿಲ್ಲ. ಇಂತಹ ಊಹೆಯನ್ನು ಎಣಿಕೆಯ ಶಿಸ್ತಿಗೆ ಒಳಪಡಿಸುವ ವಿದ್ಯೆಗೆ ಸ್ಟೈಲೋಮೆಟ್ರಿ, ಅಂದರೆ ಶೈಲಿಮಾಪನ ಎಂದು ಹೆಸರು.

ಇದರ ಪ್ರಸಿದ್ಧ ನಿದರ್ಶನ ಅಮೆರಿಕದ್ದು. ಅಲ್ಲಿನ ಸಂವಿಧಾನವನ್ನು ಸಮರ್ಥಿಸಿ 1787–88ರಲ್ಲಿ ‘ಪಬ್ಲಿಯಸ್’ ಎಂಬ ಗುಪ್ತನಾಮದಲ್ಲಿ 85 ಪ್ರಬಂಧಗಳು ಪ್ರಕಟವಾದವು. ಬರೆದವರು ಹ್ಯಾಮಿಲ್ಟನ್, ಮ್ಯಾಡಿಸನ್ ಮತ್ತು ಜಾನ್ ಜೇ. ಇವುಗಳ ಪೈಕಿ 12 ಪ್ರಬಂಧಗಳು ಹ್ಯಾಮಿಲ್ಟನ್‌ರವೋ ಮ್ಯಾಡಿಸನ್‌ರವೋ ಎಂಬ ವಿವಾದ ದೀರ್ಘಕಾಲ ಉಳಿಯಿತು. ವಾಕ್ಯದ ಉದ್ದವನ್ನು ಅಳೆದು ನೋಡಿದರೆ ಇಬ್ಬರದೂ ಸರಾಸರಿ ಸುಮಾರು 34.5 ಪದ, ಆ ಅಳತೆಗೋಲು ನಿಷ್ಪ್ರಯೋಜಕವಾಯಿತು.

ಫ್ರೆಡರಿಕ್ ಮೊಸ್ಟೆಲರ್ ಮತ್ತು ಡೇವಿಡ್ ವಾಲೇಸ್ ಎಂಬ ಸಂಖ್ಯಾಶಾಸ್ತ್ರಜ್ಞರು ಸಣ್ಣ ಪದಗಳತ್ತ ತಿರುಗಿದರು. ‘ಯುದ್ಧ’, ‘ತೆರಿಗೆ’ಯಂತಹ ಪದಗಳು ವಿಷಯವನ್ನು ಅನುಸರಿಸುತ್ತವೆ. ಸಂಬಂಧ ಸೂಚಿಸುವ ಪದಗಳಾದರೋ ಲೇಖಕನ ಅರಿವಿಗೆ ಬಾರದೆಯೇ ಬೀಳುತ್ತವೆ. ‘ಅಪಾನ್’ ಎಂಬ ಪದವನ್ನು ಹ್ಯಾಮಿಲ್ಟನ್ ಸಾವಿರ ಪದಗಳಿಗೆ ಸುಮಾರು 3 ಬಾರಿ ಬಳಸಿದರೆ, ಮ್ಯಾಡಿಸನ್ ಸುಮಾರು ಆರು ಸಾವಿರಕ್ಕೊಮ್ಮೆ ಬಳಸುತ್ತಿದ್ದರು. ಹಾಗಾದರೆ 2,000 ಪದಗಳ ಪ್ರಬಂಧದಲ್ಲಿ ಹ್ಯಾಮಿಲ್ಟನ್‌ರಿಂದ 6 ‘ಅಪಾನ್’ ನಿರೀಕ್ಷಿಸಬೇಕು. ಅಲ್ಲಿ ಒಂದೂ ಇಲ್ಲವೆನ್ನಿ. ಸರಳ ಸಂಭವನೀಯತೆಯ ಲೆಕ್ಕದಲ್ಲಿ ಅಂತಹ ಪ್ರಬಂಧ ಹ್ಯಾಮಿಲ್ಟನ್‌ರಿಂದ ಬರುವುದು 400ಕ್ಕೆ ಒಂದು, ಮ್ಯಾಡಿಸನ್‌ರಿಂದ ಬರುವುದು 100ಕ್ಕೆ 72. ಪದಗಳು ಕೆಲವೊಮ್ಮೆ ಗುಂಪುಗೂಡುವುದರಿಂದ ವಾಸ್ತವದಲ್ಲಿ ಈ ಅಂತರ ಕೊಂಚ ಕಡಿಮೆ. ಅದಕ್ಕಾಗಿಯೇ ಅವರು ಒಂದೇ ಪದವನ್ನು ನಂಬದೆ, 30 ಪದಗಳ ಸಾಕ್ಷ್ಯವನ್ನು ಒಟ್ಟುಗೂಡಿಸಿದರು. ಹನ್ನೆರಡೂ ಮ್ಯಾಡಿಸನ್‌ರವೆಂದು 1964ರ ಅವರ ಗ್ರಂಥ ಸಾರಿತು. 55ನೇ ಪ್ರಬಂಧದ ಬಗೆಗಿನ ಸಾಕ್ಷ್ಯ ಮಾತ್ರ ಉಳಿದವುಗಳಿಗಿಂತ ದುರ್ಬಲವಾಗಿತ್ತು.

ಅದೇ ಲೆಕ್ಕವನ್ನು 200 ಪದಗಳ ತುಣುಕಿಗೆ ಅನ್ವಯಿಸಿ ನೋಡಿ. ‘ಅಪಾನ್’ ಇಲ್ಲದ ತುಣುಕು ಹ್ಯಾಮಿಲ್ಟನ್‌ರಿಂದ ಬರುವ ಸಂಭವ ಶೇ 55; ಮ್ಯಾಡಿಸನ್‌ರಿಂದ ಶೇ 97. ಇದರಿಂದ ತೀರ್ಪು ನೀಡಲಾಗದು. ವಿಧಾನ ಅದೇ, ಪದಗಳೂ ಅವೇ. ಕಡಿಮೆಯಾದದ್ದು ಬರಹದ ಗಾತ್ರ ಮಾತ್ರ.

ವಿರಾಮಚಿಹ್ನೆಗಳೂ ಲೇಖಕನ ಗುರುತಾಗಬಲ್ಲವು. ಆದರೆ ಮುದ್ರಿತ ಪುಟದ ಅಲ್ಪವಿರಾಮ ಲೇಖಕನದೋ ಅಚ್ಚು ಜೋಡಿಸಿದವನದೋ ಎಂಬ ಪ್ರಶ್ನೆ ಸದಾ ಉಳಿಯುತ್ತದೆ. ಇಂದು ಉದ್ದನೆಯ ಅಡ್ಡಗೆರೆ ಕಂಡೊಡನೆ ‘ಇದು ಯಂತ್ರದ ಬರಹ’ ಎನ್ನುವವರಿದ್ದಾರೆ. ಆ ಗೆರೆಯನ್ನು ಯಂತ್ರಗಳು ಕಲಿತದ್ದೇ ಮನುಷ್ಯರ ಬರಹದಿಂದ. ಅದನ್ನು ಅಳಿಸಿಹಾಕಲು ಒಂದು ಸೂಚನೆ ಸಾಕು.

ಭಾಷಾ ಮಾದರಿಗಳಿಗೂ ಪದಗಳ ರೂಢಿ ಇದೆ, ನಿಜ. ಆದರೆ ಅಮೆರಿಕದ ಪ್ರಕರಣದಲ್ಲಿ ಶಂಕಿತರು ಇಬ್ಬರೇ, ಮತ್ತು ಇಬ್ಬರ ನಿರ್ವಿವಾದ ಬರಹಗಳೂ ಧಾರಾಳವಾಗಿದ್ದವು. ಯಂತ್ರದ ಶೈಲಿಯಾದರೋ ಸೂಚನೆ ಬದಲಾದಂತೆ, ಆವೃತ್ತಿ ಬದಲಾದಂತೆ ಬದಲಾಗುತ್ತದೆ. ಎದುರು ಪಕ್ಷದಲ್ಲಿರುವವರೋ ಸಮಸ್ತ ಮನುಷ್ಯರು.

ಇದರ ಪರಿಣಾಮವನ್ನು ಅಂಕಿಗಳಲ್ಲೇ ನೋಡಬಹುದು. ಓಪನ್‌ಎಐ ಸಂಸ್ಥೆ 2023ರ ಜನವರಿಯಲ್ಲಿ ಒಂದು ಪತ್ತೆ ಸಾಧನವನ್ನು ಬಿಡುಗಡೆ ಮಾಡಿತು. ಅದು ಪದ ಎಣಿಸುವ ಸಾಧನವಲ್ಲ, ಸ್ವತಃ ತರಬೇತಿ ಪಡೆದ ಮಾದರಿ. ಆದರೂ ಎದುರಿಸಿದ ಪ್ರಶ್ನೆ ಇದೇ. ಸಂಸ್ಥೆಯೇ ನಡೆಸಿದ ಪರೀಕ್ಷೆಯಲ್ಲಿ ಅದು ಯಂತ್ರದ ಬರಹಗಳ ಪೈಕಿ ಶೇ 26ನ್ನು ಗುರುತಿಸಿತು. ಮನುಷ್ಯರ ಬರಹಗಳ ಪೈಕಿ ಶೇ 9ನ್ನು ಯಂತ್ರದ್ದೆಂದು ತಪ್ಪಾಗಿ ಹೇಳಿತು. ನೂರು ವಿದ್ಯಾರ್ಥಿಗಳ ತರಗತಿಯಲ್ಲಿ ಹತ್ತು ಮಂದಿ ಯಂತ್ರದಿಂದ ಬರೆಸಿದ್ದಾರೆಂದು ಭಾವಿಸೋಣ. ಸಿಕ್ಕಿಬೀಳುವವರು ಇಬ್ಬರು ಮೂವರು. ಉಳಿದ ತೊಂಬತ್ತು ಪ್ರಾಮಾಣಿಕರಲ್ಲಿ ಎಂಟು ಮಂದಿಗೆ ಕಳಂಕ. ಆರೋಪ ಹೊತ್ತ ಸುಮಾರು ಹನ್ನೊಂದು ಮಂದಿಯಲ್ಲಿ ಎಂಟು ಮಂದಿ ನಿರಪರಾಧಿಗಳು! ನಿಖರತೆ ಸಾಲದೆಂದು ಸಂಸ್ಥೆ ಅದೇ ವರ್ಷದ ಜುಲೈನಲ್ಲಿ ಆ ಸಾಧನವನ್ನು ಹಿಂಪಡೆಯಿತು.

ಹಾಗೆಂದು ಶೈಲಿಮಾಪನವನ್ನು ತಳ್ಳಿಹಾಕಬೇಕಿಲ್ಲ. ಅದು ಉತ್ತರಿಸಬಲ್ಲ ಪ್ರಶ್ನೆಯನ್ನೇ ಕೇಳಬೇಕು. ‘ಇದು ಯಂತ್ರದ್ದೇ?’ ಎನ್ನುವ ಬದಲು, ‘ಈ ವಿದ್ಯಾರ್ಥಿಯೇ ಹಿಂದೆ ಬರೆದ ಕೆಲವು ಸಾವಿರ ಪದಗಳೊಡನೆ ಈ ದೀರ್ಘ ಪ್ರಬಂಧ ಹೊಂದುತ್ತದೆಯೇ?’ ಎಂದು ಕೇಳಬಹುದು. ಕನ್ನಡದಲ್ಲಾದರೆ ಪದಗಳ ಜೊತೆಗೆ, ಪದಕ್ಕೆ ಅಂಟಿ ಬರುವ ‘ಊ’, ‘ಏ’, ‘ಆದರೂ’ಗಳನ್ನೂ ಎಣಿಸಬೇಕಾಗುತ್ತದೆ. ಹೊಂದದಿದ್ದರೂ ಅದು ವಿಚಾರಣೆಗೆ ಕಾರಣವಾದೀತೇ ಹೊರತು ಶಿಕ್ಷೆಗೆ ಅಲ್ಲ. ಟಿಪ್ಪಣಿಯಲ್ಲಿ ‘ಹಾಗೂ’ ಕಂಡೊಡನೆ ನನಗೂ ಒಬ್ಬ ಅಧಿಕಾರಿಯ ನೆನಪಾಗುತ್ತಿತ್ತು. ಆದರೆ ಸಹಿ ನೋಡದೆ ನಾನು ಯಾರಿಗೂ ನೋಟಿಸು ಜಾರಿ ಮಾಡಲಿಲ್ಲ.