ಬ್ಯಾಂಕಿಗೊಂದು ರಾಜೀನಾಮೆ ಪತ್ರ

ಹಾಸನದ ಒಂದು ರಾಷ್ಟ್ರೀಕೃತ ಬ್ಯಾಂಕಿನ ಶಾಖೆಯಲ್ಲಿ ಗುಮಾಸ್ತೆಯಾಗಿರುವ ಹೆಣ್ಣುಮಗಳೊಬ್ಬಳನ್ನು ಊಹಿಸಿಕೊಳ್ಳಿ. 2016ರ ಜೂನ್‌ನಲ್ಲಿ ಕೆಲಸಕ್ಕೆ ಸೇರಿದವಳು. ಗಂಡನಿಗೆ ಜರ್ಮನಿಯಲ್ಲಿ ಕೆಲಸ ಸಿಕ್ಕಿದೆ, ವೀಸಾ ಕೈಗೆ ಬಂದಿದೆ, ಏಪ್ರಿಲ್ ಮಧ್ಯದಲ್ಲಿ ಹೊರಡಬೇಕು. ಮಾರ್ಚ್ ಮೊದಲ ವಾರ ಅವಳು ಬರೆದ ಪತ್ರ ಹೀಗಿದೆ:

"ಸರ್, ನಿಮಗೆ ಗೊತ್ತಿರೋ ಹಾಗೆ ನಮ್ಮ ಮನೆಯವರಿಗೆ ಜರ್ಮನಿಯಲ್ಲಿ ಕೆಲಸ ಸಿಕ್ಕಿದೆ. ಏಪ್ರಿಲ್‌ನಲ್ಲಿ ಹೊರಡ್ತೀವಿ, ಟಿಕೆಟ್ ಆಗಿದೆ. ಮಗೂನ ಅಲ್ಲೇ ಸ್ಕೂಲಿಗೆ ಸೇರಿಸಬೇಕು. ಉದ್ದ ರಜೆ ಕೇಳಿದ್ದೆ, ಕೊಡಲಿಲ್ಲ. ಬೇರೆ ದಾರಿ ಇಲ್ಲದೆ ಕೆಲಸ ಬಿಡ್ತಾ ಇದ್ದೀನಿ. ದಯವಿಟ್ಟು ಬೇಗ ರಿಲೀವ್ ಮಾಡಿ, ದುಡ್ಡು ಬೇಗ ಸಿಗೋ ಹಾಗೆ ನೋಡಿ."

ಇದರಲ್ಲಿ ಒರಟುತನವೇನೂ ಇಲ್ಲ. ದಿನವೂ ಮುಖ ನೋಡುವ ಮ್ಯಾನೇಜರಿಗೆ ಮನಸ್ಸಿನಲ್ಲಿದ್ದದ್ದನ್ನೆಲ್ಲ ಹೇಳಿದ್ದಾಳೆ. ಆದರೆ ಈ ಪತ್ರವನ್ನು ಓದುವವರು ಮ್ಯಾನೇಜರ್ ಒಬ್ಬರೇ ಅಲ್ಲ. ರಾಜೀನಾಮೆ ಅಂಗೀಕರಿಸುವ ಅಧಿಕಾರ ಸಾಮಾನ್ಯವಾಗಿ ಶಾಖೆಯಿಂದಾಚೆ, ಪ್ರಾದೇಶಿಕ ಕಚೇರಿಯಲ್ಲಿ ಇರುತ್ತದೆ. ಅಲ್ಲಿ ಇವಳ ಮುಖ ಕಂಡವರಿಲ್ಲ. ಅವರ ಮುಂದಿರುವುದು ಈ ಹಾಳೆ ಮತ್ತು ಸೇವಾ ಕಡತ ಮಾತ್ರ. ಎರಡನ್ನೂ ಕೂಡಿಸಲು ಸಿಬ್ಬಂದಿ ಸಂಖ್ಯೆಯೂ ಪತ್ರದಲ್ಲಿಲ್ಲ.

ಇನ್ನೂ ಆಳವಾದ ತೊಡಕು "ಬೇರೆ ದಾರಿ ಇಲ್ಲದೆ" ಎಂಬ ಮಾತಿನಲ್ಲಿದೆ. ರಾಜೀನಾಮೆ ಸ್ವಂತ ಇಚ್ಛೆಯಿಂದ ಕೊಟ್ಟದ್ದಾಗಿರಬೇಕು. ಒತ್ತಡದಿಂದ ಬರೆದದ್ದು ಎಂಬ ಅನುಮಾನಕ್ಕೆ ಎಡೆಯಿದ್ದರೆ ಅಂಗೀಕರಿಸುವ ಅಧಿಕಾರಿ ವಿವರಣೆ ಕೇಳುತ್ತಾರೆ. ರಜೆ ನಿರಾಕರಿಸಿದ ಮಾತು ಸೇರಿದರೆ ಶಾಖೆಯಿಂದಲೂ ವರದಿ ತರಿಸಿಕೊಳ್ಳಬಹುದು. ಪತ್ರ ಹಿಂದಕ್ಕೂ ಮುಂದಕ್ಕೂ ಓಡಾಡಿ ವಾರಗಳು ಕಳೆಯುತ್ತವೆ. ರಜೆಯ ಬಗ್ಗೆ ಅವಳಿಗೆ ನಿಜಕ್ಕೂ ದೂರಿದ್ದರೆ ಅದನ್ನು ಬೇರೆ ಪತ್ರದಲ್ಲಿ, ಯೂನಿಯನ್ ಮೂಲಕ ಹೇಳಬೇಕು. ರಾಜೀನಾಮೆಯ ಜೊತೆ ಸೇರಿಸಿದರೆ ದೂರಿಗೂ ನ್ಯಾಯ ಸಿಗುವುದಿಲ್ಲ, ರಾಜೀನಾಮೆಯೂ ಸಲೀಸಾಗಿ ಸಾಗುವುದಿಲ್ಲ.

ಯೂನಿಯನ್ನಿನ ಹಿರಿಯರೊಬ್ಬರು ಇದನ್ನು ಓದಿ, "ಅಮ್ಮಾ, ಸ್ವಲ್ಪ ಕಚೇರಿ ಭಾಷೆಯಲ್ಲಿ ಬರಿ" ಎಂದರು ಎನ್ನೋಣ. ಆಗ ನಮ್ಮಲ್ಲಿ ಅನೇಕರು ಮಾಡುವುದನ್ನೇ ಅವಳೂ ಮಾಡುತ್ತಾಳೆ. ವಿನಯವನ್ನು ಹೊರೆಗಟ್ಟಲೆ ತಂದು ಸುರಿಯುತ್ತಾಳೆ: "ತಮ್ಮ ಘನ ಸನ್ನಿಧಾನದಲ್ಲಿ ಅತ್ಯಂತ ವಿನಮ್ರತೆಯಿಂದ ಅರಿಕೆ ಮಾಡಿಕೊಳ್ಳುವುದೇನೆಂದರೆ, ಕೌಟುಂಬಿಕ ಕಾರಣಗಳಿಂದ ಸೇವೆಯಲ್ಲಿ ಮುಂದುವರಿಯುವುದು ನನಗೆ ಕಷ್ಟಸಾಧ್ಯವಾಗಿದ್ದು, ತಾವು ದೊಡ್ಡ ಮನಸ್ಸು ಮಾಡಿ, ತಮಗೆ ಅನುಕೂಲವಾದಾಗ ನನ್ನನ್ನು ಬಿಡುಗಡೆ ಮಾಡಿದಲ್ಲಿ ನಾನು ಸದಾ ಚಿರಋಣಿಯಾಗಿರುತ್ತೇನೆ."

ಕೇಳಲು ಸೊಗಸಾಗಿದೆ, ಆದರೆ ನನಗೆ ಇದು ಮೊದಲ ಪತ್ರಕ್ಕಿಂತ ಅಪಾಯಕಾರಿಯಾಗಿ ಕಾಣುತ್ತದೆ. ಇದರಲ್ಲಿ 'ರಾಜೀನಾಮೆ' ಎಂಬ ಮಾತೇ ಇಲ್ಲ, ದಿನಾಂಕವೂ ಇಲ್ಲ. "ತಮಗೆ ಅನುಕೂಲವಾದಾಗ" ಎಂದು ಬರೆದವಳು ತನ್ನ ಕೊನೆಯ ದಿನವನ್ನು ಬ್ಯಾಂಕಿನ ಕೈಗೆ ಒಪ್ಪಿಸಿಬಿಟ್ಟಿದ್ದಾಳೆ. ಬಿಟ್ಟು ಹೋಗುವುದು ನೌಕರಳ ಹಕ್ಕು. ನೋಟಿಸ್ ಕೊಡುವುದು ಅವಳ ಕರ್ತವ್ಯ. ಇವೆರಡರ ನಡುವೆ ಬೇಡಿಕೊಳ್ಳುವ ದನಿಗೆ ಜಾಗವಿಲ್ಲ. ಸಭ್ಯವಾದ ಔಪಚಾರಿಕ ಭಾಷೆ ಎಂದರೆ ಓದುವವರನ್ನು ಗೌರವದಿಂದ ಕಂಡು, ಅವರು ಏನು ಮಾಡಬೇಕು, ಯಾವತ್ತಿಗೆ ಮಾಡಬೇಕು ಎಂಬುದನ್ನು ಅನುಮಾನಕ್ಕೆಡೆಯಿಲ್ಲದಂತೆ ತಿಳಿಸುವುದು.

ಈ ದಿನಾಂಕದ ಬಗ್ಗೆ ಸ್ವಲ್ಪ ನಿಧಾನಿಸಿ ಹೇಳಬೇಕು. ಬ್ಯಾಂಕ್ ಗುಮಾಸ್ತರ ಸೇವಾ ಷರತ್ತುಗಳ ಬುಡದಲ್ಲಿ ಐವತ್ತರ ದಶಕದ ಶಾಸ್ತ್ರಿ ತೀರ್ಪು ಇದೆ. ಆಮೇಲೆ ಬಂದ ದ್ವಿಪಕ್ಷೀಯ ಒಪ್ಪಂದಗಳು ಅದರ ಮೇಲೆಯೇ ಬೆಳೆದವು. ಅದರ ಪ್ರಕಾರ ಕಾಯಂ ನೌಕರರು ಕೆಲಸ ಬಿಡಲು ಒಂದು ತಿಂಗಳ ಲಿಖಿತ ನೋಟಿಸ್ ಕೊಡಬೇಕು; ಕೊಡದೆ ಹೋದರೆ ಒಂದು ತಿಂಗಳ ಸಂಬಳ ಮತ್ತು ಭತ್ಯೆ ಕಟ್ಟಿಕೊಡಬೇಕಾಗುತ್ತದೆ. ಪ್ರೊಬೇಷನ್‌ನಲ್ಲಿ ಇರುವವರಿಗೆ ಹದಿನಾಲ್ಕು ದಿನ ಸಾಕು. ಅಧಿಕಾರಿಗಳಿಗೆ ಮೂರು ತಿಂಗಳು. ಗೆಳತಿಯ ಪತ್ರ ನೋಡಿ ನಕಲು ಮಾಡುವವರು ಎಡವುವುದು ಇಲ್ಲೇ. ಗೆಳತಿ ಅಧಿಕಾರಿಯಾಗಿದ್ದರೆ ಅವಳ ಪತ್ರದ ಲೆಕ್ಕವೇ ಬೇರೆ.

ದಿನಾಂಕ ಎಷ್ಟು ಬೆಲೆಯುಳ್ಳದ್ದು ಎಂಬುದಕ್ಕೆ ಪಂಜಾಬ್ ನ್ಯಾಷನಲ್ ಬ್ಯಾಂಕ್ ಮತ್ತು ಪಿ.ಕೆ. ಮಿತ್ತಲ್ ಅವರ ನಡುವಿನ ಮೊಕದ್ದಮೆ ನೋಡಬೇಕು. ಮಿತ್ತಲ್ ಆ ಬ್ಯಾಂಕಿನ ಅಧಿಕಾರಿ. 1986ರ ಜನವರಿಯಲ್ಲಿ ಕೊಟ್ಟ ರಾಜೀನಾಮೆಯಲ್ಲಿ ಅದು ಜೂನ್ 30ರಿಂದ ಜಾರಿಗೆ ಬರಬೇಕೆಂದು ಬರೆದಿದ್ದರು. ಬ್ಯಾಂಕು ಫೆಬ್ರುವರಿಯಲ್ಲೇ, ತಕ್ಷಣದಿಂದ ಜಾರಿಗೆ ಬರುವಂತೆ, ಅದನ್ನು ಅಂಗೀಕರಿಸಿತು. ಏಪ್ರಿಲ್‌ನಲ್ಲಿ ಅವರು ರಾಜೀನಾಮೆಯನ್ನು ಹಿಂದಕ್ಕೆ ಪಡೆಯುವುದಾಗಿ ಬರೆದರು. 1989ರಲ್ಲಿ ಸುಪ್ರೀಂ ಕೋರ್ಟ್ ಮಿತ್ತಲ್ ಅವರ ಪರವಾಗಿ ತೀರ್ಪು ಕೊಟ್ಟಿತು: ನೌಕರ ಸೂಚಿಸಿದ ದಿನಕ್ಕಿಂತ ಮೊದಲೇ ಬ್ಯಾಂಕು ತನ್ನಷ್ಟಕ್ಕೆ ರಾಜೀನಾಮೆಯನ್ನು ಜಾರಿಗೆ ತರುವಂತಿಲ್ಲ, ಆ ದಿನ ಬರುವ ಮೊದಲು ಅದನ್ನು ಹಿಂಪಡೆಯಬಹುದು.

ಹೊರದೇಶಕ್ಕೆ ಹೊರಟವರಿಗೆ ಇದು ದೊಡ್ಡ ಆಸರೆ. ಕೊನೆಯ ಗಳಿಗೆಯಲ್ಲಿ ಅಲ್ಲಿನ ಕೆಲಸ ಕೈತಪ್ಪಬಹುದು, ಮನೆಯಲ್ಲಿ ಯಾರಿಗಾದರೂ ಹುಷಾರು ತಪ್ಪಬಹುದು. ಪತ್ರದಲ್ಲಿ ಮುಂದಿನ ದಿನಾಂಕ ಸ್ಪಷ್ಟವಾಗಿದ್ದರೆ ಅಲ್ಲಿಯವರೆಗೆ ಬಾಗಿಲು ತೆರೆದಿರುತ್ತದೆ. "ತಕ್ಷಣವೇ ಬಿಡುಗಡೆ ಮಾಡಿ" ಎಂದು ಬರೆದು, ಅದು ಅಂಗೀಕಾರವೂ ಆಗಿಬಿಟ್ಟರೆ ಮರಳುವ ದಾರಿ ಮುಚ್ಚಿಹೋಗುತ್ತದೆ.

ನಮ್ಮ ಗುಮಾಸ್ತೆಗೆ ಯಾವ ದಿನ ಸರಿ? ಪತ್ರವನ್ನು 2026ರ ಮಾರ್ಚ್ 2, ಸೋಮವಾರ ಕೊಡುತ್ತಾಳೆ ಎಂದಿಟ್ಟುಕೊಳ್ಳಿ. ತಿಂಗಳ ಲೆಕ್ಕಕ್ಕೆ ಏಪ್ರಿಲ್ ಮೊದಲ ದಿನಗಳೇ ಸಾಕು. ಆದರೆ ಮಾರ್ಚ್ 31 ಬ್ಯಾಂಕಿನವರಿಗೆ ವರ್ಷದ ಕೊನೆ, ಏಪ್ರಿಲ್ 1 ಲೆಕ್ಕ ಮುಗಿಸುವ ದಿನ. ಆ ಗಡಿಬಿಡಿಯಲ್ಲಿ ಯಾರ ಬಿಡುಗಡೆಯ ಕಾಗದವೂ ಸರಿಯಾಗಿ ಸಿದ್ಧವಾಗುವುದಿಲ್ಲ, ಕೌಂಟರಿನಲ್ಲಿ ಒಂದು ಕೈ ಕಡಿಮೆಯಾದರೆ ಉಳಿದವರಿಗೂ ಕಷ್ಟ. ಏಪ್ರಿಲ್ 6, ಸೋಮವಾರ ಎಂದು ಬರೆದರೆ ನೋಟಿಸ್ ಅವಧಿ ಪೂರ್ತಿಯಾಗಿ ಕೆಲವು ದಿನ ಹೆಚ್ಚೇ ಇರುತ್ತದೆ. ಹತ್ತು ವಿನಯದ ಮಾತುಗಳಿಗಿಂತ ಈ ಒಂದು ದಿನಾಂಕದಲ್ಲಿ ಸೌಜನ್ಯ ಹೆಚ್ಚು.

ಈಗ ತಿದ್ದಿದ ಪತ್ರ:

ದಿನಾಂಕ: 02-03-2026

ಇವರಿಂದ: (ಹೆಸರು, ಹುದ್ದೆ, ಸಿಬ್ಬಂದಿ ಸಂಖ್ಯೆ), ಹಾಸನ ಶಾಖೆ

ಇವರಿಗೆ: ಪ್ರಾದೇಶಿಕ ವ್ಯವಸ್ಥಾಪಕರು, ಪ್ರಾದೇಶಿಕ ಕಚೇರಿ

ಮೂಲಕ: ಶಾಖಾ ವ್ಯವಸ್ಥಾಪಕರು, ಹಾಸನ ಶಾಖೆ

ವಿಷಯ: ಬ್ಯಾಂಕಿನ ಸೇವೆಗೆ ರಾಜೀನಾಮೆ ಸಲ್ಲಿಸುವ ಬಗ್ಗೆ

ಮಾನ್ಯರೇ,

ನಾನು 2016ರ ಜೂನ್ ತಿಂಗಳಿನಿಂದ ಬ್ಯಾಂಕಿನ ಸೇವೆಯಲ್ಲಿದ್ದು, ಪ್ರಸ್ತುತ ಹಾಸನ ಶಾಖೆಯಲ್ಲಿ ಕಾರ್ಯನಿರ್ವಹಿಸುತ್ತಿದ್ದೇನೆ. ಕುಟುಂಬದೊಂದಿಗೆ ಜರ್ಮನಿಯಲ್ಲಿ ನೆಲೆಸಬೇಕಾಗಿರುವುದರಿಂದ ಸ್ವಇಚ್ಛೆಯಿಂದ ನನ್ನ ಹುದ್ದೆಗೆ ರಾಜೀನಾಮೆ ಸಲ್ಲಿಸುತ್ತಿದ್ದೇನೆ.

ಈ ಪತ್ರವನ್ನು ನಿಯಮಾನುಸಾರ ಒಂದು ತಿಂಗಳ ನೋಟಿಸ್ ಎಂದು ಪರಿಗಣಿಸಿ, 06-04-2026ರಂದು ಕೆಲಸದ ಅವಧಿ ಮುಗಿದ ನಂತರ ನನ್ನನ್ನು ಸೇವೆಯಿಂದ ಬಿಡುಗಡೆಗೊಳಿಸಬೇಕೆಂದು ಕೋರುತ್ತೇನೆ.

ನನ್ನ ಜವಾಬ್ದಾರಿಯಲ್ಲಿರುವ ಕೆಲಸ, ಕೀಲಿಗಳು ಮತ್ತು ದಾಖಲೆಗಳನ್ನು ತಾವು ಸೂಚಿಸುವ ಸಿಬ್ಬಂದಿಗೆ ಹಸ್ತಾಂತರಿಸುತ್ತೇನೆ. ನನ್ನ ಹೆಸರಿನಲ್ಲಿರುವ ಸಿಬ್ಬಂದಿ ಸಾಲಗಳ ಬಾಕಿ ವಿವರವನ್ನು ತಿಳಿಸಿದಲ್ಲಿ ಬಿಡುಗಡೆಯ ದಿನದೊಳಗೆ ಇತ್ಯರ್ಥಪಡಿಸುತ್ತೇನೆ. ಬಿಡುಗಡೆ ಪತ್ರ ಮತ್ತು ಸೇವಾ ಪ್ರಮಾಣಪತ್ರವನ್ನು ನೀಡಿ, ನನಗೆ ಸಲ್ಲಬೇಕಾದ ಮೊತ್ತಗಳನ್ನು ಪಾವತಿಸಬೇಕೆಂದು ವಿನಂತಿಸುತ್ತೇನೆ.

ಸೇವಾವಧಿಯಲ್ಲಿ ಮೇಲಧಿಕಾರಿಗಳು ಮತ್ತು ಸಹೋದ್ಯೋಗಿಗಳು ನೀಡಿದ ಮಾರ್ಗದರ್ಶನ ಮತ್ತು ಸಹಕಾರಕ್ಕೆ ಕೃತಜ್ಞಳಾಗಿದ್ದೇನೆ.

ತಮ್ಮ ವಿಶ್ವಾಸಿ,
(ಸಹಿ)

ಮೊದಲ ಪತ್ರದ ಟಿಕೆಟ್, ಮಗುವಿನ ಶಾಲೆ, ಗಂಡನ ಕೆಲಸ ಎಲ್ಲವೂ "ಜರ್ಮನಿಯಲ್ಲಿ ನೆಲೆಸಬೇಕಾಗಿರುವುದರಿಂದ" ಎಂಬಲ್ಲಿ ಅಡಗಿವೆ. "ಬೇಗ" ಹೋಗಿ ದಿನಾಂಕ ಬಂದಿದೆ. "ದುಡ್ಡು ಬೇಗ ಸಿಗೋ ಹಾಗೆ" ಎಂಬ ಆತಂಕ "ಸಲ್ಲಬೇಕಾದ ಮೊತ್ತಗಳು" ಎಂದಾಗಿದೆ. ಐದು ವರ್ಷಕ್ಕಿಂತ ಹೆಚ್ಚು ಸೇವೆ ಸಲ್ಲಿಸಿರುವುದರಿಂದ ಗ್ರಾಚ್ಯುಟಿ ಅವಳಿಗೆ ನಿಯಮದ ಪ್ರಕಾರವೇ ಬರಬೇಕಾದದ್ದು, ಅದಕ್ಕೆ ಅಂಗಲಾಚಬೇಕಿಲ್ಲ. ಸಾಲದ ಸಾಲನ್ನು ಮಾತ್ರ ಸಹಿ ಹಾಕುವ ಮೊದಲು ಎರಡು ಸಲ ಓದಬೇಕು. ಸಿಬ್ಬಂದಿಗೆ ಕಡಿಮೆ ಬಡ್ಡಿಗೆ ಸಿಕ್ಕ ಗೃಹಸಾಲದ ರಿಯಾಯಿತಿ ಕೆಲಸದ ಜೊತೆಗೇ ಮುಗಿಯುತ್ತದೆ. ಪೂರ್ತಿ ತೀರಿಸುವಷ್ಟು ಹಣವಿಲ್ಲದಿದ್ದರೆ "ಇತ್ಯರ್ಥಪಡಿಸುತ್ತೇನೆ" ಎಂದು ಮಾತು ಕೊಡದೆ, "ಸಾರ್ವಜನಿಕರಿಗೆ ಅನ್ವಯಿಸುವ ಬಡ್ಡಿದರದಲ್ಲಿ ಮುಂದುವರಿಸಲು ಅನುಮತಿ ಕೋರುತ್ತೇನೆ" ಎಂದು ಬರೆಯುವುದು ಪ್ರಾಮಾಣಿಕ.

ಇದೇ ಪತ್ರವನ್ನು ಅವಳ ಪಕ್ಕದ ಕೌಂಟರಿನ, 2003ರಲ್ಲಿ ಸೇರಿದ ಹಿರಿಯರು ನಕಲು ಮಾಡಿಕೊಂಡರೆ ಅನಾಹುತವಾದೀತು. 2010ರ ಏಪ್ರಿಲ್ 1ರ ನಂತರ ಸೇರಿದ ನಮ್ಮ ಗುಮಾಸ್ತೆ ಎನ್‌ಪಿಎಸ್‌ಗೆ ಸೇರಿದವಳು. ಅವಳ ಖಾತೆಯಲ್ಲಿ ಕೂಡಿದ ಹಣ ರಾಜೀನಾಮೆಯಿಂದ ಅಳಿಯುವುದಿಲ್ಲ, ಅನಿವಾಸಿಯಾದ ಮೇಲೂ ಖಾತೆ ಮುಂದುವರಿಸಬಹುದು. ಹಿರಿಯರು ಹಳೆಯ ಪಿಂಚಣಿ ಯೋಜನೆಯಲ್ಲಿದ್ದರೆ ಅವರಿಗೆ ಅನ್ವಯಿಸುವುದು 1995ರ ಬ್ಯಾಂಕ್ ನೌಕರರ ಪಿಂಚಣಿ ನಿಯಮಾವಳಿ. ಅದರ 22ನೇ ನಿಯಮದಂತೆ ರಾಜೀನಾಮೆ ಕೊಟ್ಟವರ ಹಿಂದಿನ ಸೇವೆಯೆಲ್ಲ ಪಿಂಚಣಿಯ ಲೆಕ್ಕಕ್ಕೆ ಇಲ್ಲವಾಗುತ್ತದೆ. 29ನೇ ನಿಯಮದಲ್ಲಿ ಬೇರೆ ದಾರಿಯಿದೆ: ಇಪ್ಪತ್ತು ವರ್ಷದ ಅರ್ಹ ಸೇವೆ ಮುಗಿಸಿದವರು ಮೂರು ತಿಂಗಳ ನೋಟಿಸ್ ಕೊಟ್ಟು ಸ್ವಯಂ ನಿವೃತ್ತಿ ಕೋರಬಹುದು, ಪಿಂಚಣಿಯೂ ಉಳಿಯುತ್ತದೆ. ಕೆನರಾ ಬ್ಯಾಂಕಿನ ಸೇವೆಗೆ ರಾಜೀನಾಮೆ ಕೊಟ್ಟಿದ್ದ ಎಂ.ಆರ್. ಪ್ರಭಾಕರ್ ಮತ್ತಿತರರು ಪಿಂಚಣಿ ಕೇಳಿ ಸುಪ್ರೀಂ ಕೋರ್ಟಿನವರೆಗೆ ಹೋಗಿದ್ದರು. 2012ರಲ್ಲಿ ಕೋರ್ಟು ರಾಜೀನಾಮೆಯೇ ಬೇರೆ, ಸ್ವಯಂ ನಿವೃತ್ತಿಯೇ ಬೇರೆ ಎಂದು ಅವರ ಬೇಡಿಕೆಯನ್ನು ಒಪ್ಪಲಿಲ್ಲ. ಆದ್ದರಿಂದ ಆ ಹಿರಿಯರ ಪತ್ರದ ವಿಷಯದ ಸಾಲಿನಲ್ಲೂ ಒಕ್ಕಣೆಯಲ್ಲೂ "ಸ್ವಯಂ ನಿವೃತ್ತಿ" ಎಂದೇ ಇರಬೇಕು, ನಿಯಮದ ಸಂಖ್ಯೆಯೂ ಇರಬೇಕು. ಹತ್ತೊಂಬತ್ತು ವರ್ಷ ಕಳೆದವರು ವೀಸಾ ಬಂತೆಂದು ಅವಸರಪಟ್ಟು ಬರೆಯುವ ಮೊದಲು, ಸಂಬಳವಿಲ್ಲದ ರಜೆಯ ದಿನಗಳು ಅರ್ಹ ಸೇವೆಗೆ ಸೇರುತ್ತವೆಯೇ ಎಂದು ಕಚೇರಿಯಲ್ಲಿ ಲಿಖಿತವಾಗಿ ಕೇಳಿ ತಿಳಿಯಬೇಕು.

ಪತ್ರ ಸಿದ್ಧವಾದ ಮೇಲೆ ಎರಡು ಪ್ರತಿ ತೆಗೆಯಬೇಕು. ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಶಾಖೆಯ ಮೊಹರು, ಸ್ವೀಕರಿಸಿದ ದಿನಾಂಕ ಮತ್ತು ಸಹಿ ಹಾಕಿಸಿಕೊಳ್ಳಬೇಕು. ಮುಂದೆ ನೋಟಿಸ್ ದಿನಗಳ ಬಗ್ಗೆ ತಕರಾರು ಬಂದರೆ ಅವಳ ಕೈಯಲ್ಲಿರುವ ಸಾಕ್ಷಿ ಇದೊಂದೇ. ಪ್ರಾದೇಶಿಕ ಕಚೇರಿಯಲ್ಲಿ ಕನ್ನಡ ಬಾರದ ಅಧಿಕಾರಿಗಳಿದ್ದರೆ ಇಂಗ್ಲಿಷ್ ಪ್ರತಿಯನ್ನೂ ಲಗತ್ತಿಸಬೇಕು, ದಿನಾಂಕ ಮತ್ತು 'ಸ್ವಇಚ್ಛೆ' ಎರಡರಲ್ಲೂ ಒಂದೇ ರೀತಿ ಇರಬೇಕು. ಬಿಡುಗಡೆ ಪತ್ರವನ್ನಂತೂ ಇಂಗ್ಲಿಷಿನಲ್ಲೇ ಕೇಳಿ ಪಡೆಯುವುದು ಒಳ್ಳೆಯದು. ಜರ್ಮನಿಯಲ್ಲಿ ಅವಳು ಮುಂದೆ ಕೆಲಸ ಹುಡುಕುವಾಗ ಅನುಭವಕ್ಕೆ ದಾಖಲೆಯಾಗಿ ತೋರಿಸುವುದು ಅದನ್ನೇ.

ಇನ್ನು ಉಳಿತಾಯ ಖಾತೆ. ಭಾರತ ಬಿಟ್ಟು ಅನಿವಾಸಿಯಾದವರು ಇಲ್ಲಿನ ಸಾಮಾನ್ಯ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಖಾತೆಯಾಗಿ ಬದಲಾಯಿಸಿಕೊಳ್ಳಬೇಕು. ಇದು ದಿನವೂ ಗ್ರಾಹಕರಿಗೆ ಅವಳೇ ಹೇಳುತ್ತಿದ್ದ ಮಾತು. ಬಾಕಿ ಮೊತ್ತ ಯಾವ ಖಾತೆಗೆ ಬರಬೇಕು, ಅಲ್ಲಿಗೆ ಹೋದ ಮೇಲೆ ಯಾವ ಇಮೇಲ್‌ಗೆ ಬರೆಯಬೇಕು ಎಂಬುದನ್ನು ಏಪ್ರಿಲ್ 6ಕ್ಕೆ ಮೊದಲೇ ಇನ್ನೊಂದು ಚಿಕ್ಕ ಪತ್ರದಲ್ಲಿ ಬರೆದು, ಅದಕ್ಕೂ ಮೊಹರು ಹಾಕಿಸಿಕೊಳ್ಳಬೇಕು.