ಅಟ್ಟದ ಗಡಿಯಾರ ಅಸಲಿ! ಫೋಟೋ ತೆಗೆದು ತೋರಿಸಿದ ನಿವೃತ್ತ ಮೇಷ್ಟ್ರು

ಕೋಟೆ ಬೀದಿಯ ಒಂದು ಮನೆಯಲ್ಲಿ ಗೋಡೆ ಗಡಿಯಾರದ ಸಲುವಾಗಿ ಎದ್ದ ಜಗಳ ಕಳೆದ ವಾರ ಬಗೆಹರಿದಿದೆ. ಪಂಚಾಯಿತಿ ಕೂರಲಿಲ್ಲ, ವಕೀಲರೂ ಬರಲಿಲ್ಲ. ಬಗೆಹರಿಸಿದ್ದು ಏಳೆಂಟು ಫೋಟೋ.

ಮನೆಯ ಯಜಮಾನರು ನಿವೃತ್ತ ಶಾಲಾ ಮೇಷ್ಟ್ರು. ಅವರ ತಂದೆಯ ಕಾಲದ ಗಂಟೆ ಹೊಡೆಯುವ ಗಡಿಯಾರ ಪಾಲು ವಿಭಾಗದಲ್ಲಿ ತೀರಿಹೋದ ತಮ್ಮನ ಮಕ್ಕಳಿಗೆ ಬಂದಿತ್ತು. ಆದರೆ ಅದು ಬಹಳ ವರ್ಷ ಇದ್ದದ್ದು ಮೇಷ್ಟ್ರ ಅಟ್ಟದಲ್ಲೇ. ಮಕ್ಕಳು ಮಾರಲು ಹೊರಟಾಗ ಹಳೇ ಸಾಮಾನಿನ ವ್ಯಾಪಾರಿಯೊಬ್ಬ ಬಿಚ್ಚಿ ನೋಡಿ, "ಪೆಟ್ಟಿಗೆ ಹಳೇದು, ಒಳಗಿನ ಮಿಷನ್ ಬದಲಾಯಿಸಿದ್ದಾರೆ" ಅಂದುಬಿಟ್ಟ. ಅಲ್ಲಿಗೆ ಮುಗಿಯಿತು. "ದೊಡ್ಡಪ್ಪ, ಅಸಲಿ ಮಿಷನ್ ಎಲ್ಲಿ?" ಎಂದು ಹುಡುಗ ಕೇಳಿಯೇ ಬಿಟ್ಟ. ನಲವತ್ತು ವರ್ಷ ಮಕ್ಕಳಿಗೆ ಸುಳ್ಳು ಹೇಳಬೇಡಿ ಅಂತ ಹೇಳಿಕೊಟ್ಟವರಿಗೆ ಈ ಮಾತು!

ಮೇಷ್ಟ್ರು ಕೂಗಾಡಲಿಲ್ಲ. ಪೇಟೆಯ ವಾಚ್ ರಿಪೇರಿಯವರಿಂದ ಕಣ್ಣಿಗೆ ಸಿಕ್ಕಿಸುವ ಭೂತಗನ್ನಡಿ ಎರವಲು ತಂದರು. ಹತ್ತು ಪಟ್ಟು ದೊಡ್ಡದು ಮಾಡುವ ಗಾಜು ಅದು. ಮೊಬೈಲಿನ ಕ್ಯಾಮೆರಾ ಮುಂದೆ ಅದನ್ನು ಹಿಡಿದು, ಫೋನು ಅಲುಗದಂತೆ ಪುಸ್ತಕದ ಅಡ್ಡೆ ಕಟ್ಟಿ, ಒಂದು ಅಂಗುಲ ದೂರದಿಂದ ಚಿತ್ರ ತೆಗೆದರು. ಫ್ಲ್ಯಾಷ್ ಹಾಕಲಿಲ್ಲ. ನೇರ ಬೆಳಕು ಬಿದ್ದರೆ ಹಿತ್ತಾಳೆ ಬರೀ ಹೊಳೆಯುತ್ತದೆ, ಗೀರು ಕಾಣುವುದಿಲ್ಲ. ಟಾರ್ಚನ್ನು ಪಕ್ಕದಿಂದ, ತಗ್ಗಿನಲ್ಲಿ ಹಿಡಿದರೆ ಪ್ರತಿ ಗೀರಿಗೂ ನೆರಳು ಬೀಳುತ್ತದೆ. ಆಮೇಲೆ ಸ್ಟುಡಿಯೋದಲ್ಲಿ ದೊಡ್ಡದಾಗಿ ಪ್ರಿಂಟು ಹಾಕಿಸಿದರು.

ಮೊದಲ ಫೋಟೋ ಮಿಷನ್ನಿನ ಹಿಂಬದಿಯ ಮುದ್ರೆಯದು. ಎಂಟು ಮೂಲೆಯ ನಕ್ಷತ್ರ, ನಡುವೆ 'ಜೆ' ಅಕ್ಷರ. ಇದು ಜರ್ಮನಿಯ ಶ್ರಾಂಬರ್ಗ್ ಊರಿನ ಯುಂಗ್‌ಹಾನ್ಸ್ ಕಾರ್ಖಾನೆಯ ಗುರುತು. ಕೆಳಗೆ 'ಬಿ 09'. ಆ ಕಂಪನಿಯ ಲೆಕ್ಕದಲ್ಲಿ 'ಎ' ಅಂದರೆ ವರ್ಷದ ಮೊದಲ ಅರ್ಧ, 'ಬಿ' ಅಂದರೆ ಎರಡನೆಯದು. ಹಾಗಾಗಿ 1909ರ ಕೊನೆಯ ಆರು ತಿಂಗಳಲ್ಲಿ ತಯಾರಾದ ಮಾಲು.

ವ್ಯಾಪಾರಿ ಇದಕ್ಕೆ ಜಗ್ಗಲಿಲ್ಲ. "ಅಸಲಿ ಮಿಷನ್ನೇ ಇರಬಹುದು ಸಾರ್, ಬೇರೆ ಗಡಿಯಾರದ್ದು" ಅಂದ. ಅವನ ಮಾತಿಗೂ ಆಧಾರವಿತ್ತು. ಮಿಷನ್ ಕೂರುವ ಹಲಗೆಯಲ್ಲಿ ಸ್ಕ್ರೂ ತೂತು ಎರಡು ಜೊತೆ ಇವೆ, ಒಂದು ಜೊತೆ ಖಾಲಿ. ಮಿಷನ್ ಬದಲಾಯಿಸಿದ ಕಡೆ ಸಾಮಾನ್ಯವಾಗಿ ಕಾಣುವುದೂ ಇದೇ.

ಎರಡನೇ ಫೋಟೋ ಆ ಹಲಗೆಯದು, ಪಕ್ಕದಲ್ಲಿ ಸ್ಕೂಲಿನ ಅಳತೆಪಟ್ಟಿ ಇಟ್ಟು ತೆಗೆದದ್ದು. ಎರಡೂ ಜೊತೆ ತೂತುಗಳ ನಡುವಿನ ಅಂತರ ಒಂದೇ. ಆದರೆ ಅದೇ ಮಾದರಿಯ ಬೇರೆ ಮಿಷನ್ನಿಗೂ ಅಷ್ಟೇ ಅಂತರ ಇರುತ್ತದೆ, ಇಷ್ಟರಿಂದಲೇ ಸಾಬೀತಾಗದು ಎಂದು ಮೇಷ್ಟ್ರೇ ಹೇಳಿದರು. ಅವರು ಬೆರಳಿಟ್ಟು ತೋರಿಸಿದ್ದು ಬೇರೆ. ಮಿಷನ್ನಿನ ಎಡಗಾಲಿನ ಅಡಿಯಲ್ಲಿ ಲೋಹದ ಸಣ್ಣ ಮುಳ್ಳಿದೆ. ಆ ಮುಳ್ಳು ಮರದಲ್ಲಿ ಒತ್ತಿದ ಗುಳಿ ಈಗಿನ ಜಾಗದಲ್ಲೂ ಇದೆ, ಖಾಲಿ ತೂತಿನ ಪಕ್ಕದಲ್ಲೂ ಅದೇ ಓರೆಯಲ್ಲಿ ಇದೆ. ಅಂದರೆ ಮಿಷನ್ ಬದಲಾಗಿಲ್ಲ, ಅದೇ ಮಿಷನ್ ಅರ್ಧ ಅಂಗುಲ ಸರಿದಿದೆ!

ಸರಿಸಿದವರು ಯಾರು? ಅದಕ್ಕೆ ಮೂರನೇ ಫೋಟೋ. ಹಳೇ ರಿಪೇರಿಯವರು ಕೆಲಸ ಮುಗಿಸಿದ ತಾರೀಕನ್ನು ಹಿತ್ತಾಳೆ ಮೇಲೆ ಸೂಜಿಯಲ್ಲಿ ಗೀರುವುದುಂಟು. ಬರಿಗಣ್ಣಿಗೆ ಕಾಣದ ಗೀರು ಪ್ರಿಂಟಿನಲ್ಲಿ '12-3-58' ಎಂದು ಓದಿಸಿತು. ತಂದೆಯವರ ಲೆಕ್ಕದ ಪುಸ್ತಕದಲ್ಲಿ ಅದೇ ತಿಂಗಳು "ಗಡಿಯಾರ ರಿಪೇರಿ, ಹಲಗೆ ತೂತು ಸಹಾ, ರೂ. 5" ಎಂದು ಬರೆದಿದೆ.

"ಗೀರು ನೀವೇ ಹಾಕಿರಬಹುದಲ್ಲ?" ಎಂದ ವ್ಯಾಪಾರಿ. ಮೇಷ್ಟ್ರು ಅದೇ ಫೋಟೋದ ಮೂಲೆ ತೋರಿಸಿದರು. ಬಿಚ್ಚುವಾಗ ಇವನದೇ ಸ್ಕ್ರೂಡ್ರೈವರ್ ಜಾರಿ ಆದ ಗೀರು ಅಲ್ಲಿತ್ತು, ಒಳಗೆ ಚಿನ್ನದಂತೆ ಹೊಳಪು. ತಾರೀಕಿನ ಗೀರಿನ ತಳ ಸುತ್ತಲಿನ ಹಿತ್ತಾಳೆಯಷ್ಟೇ ಕಪ್ಪು. ವ್ಯಾಪಾರಿ ಮತ್ತೆ ಮಾತಾಡಲಿಲ್ಲ.

ಪೆಂಡುಲಂ ಕೊಕ್ಕೆ ಮಾತ್ರ ಹೊಸ ತಂತಿಯದು. ಅದರ ಫೋಟೋವನ್ನೂ ಮೇಷ್ಟ್ರು ಜೊತೆಗೇ ಇಟ್ಟಿದ್ದರು. ಹುಡುಗ ಅದನ್ನು ನೋಡಿ ತಲೆ ತಗ್ಗಿಸಿ, "ಮಾರೋದು ಬೇಡ ದೊಡ್ಡಪ್ಪ" ಅಂದನಂತೆ.

ಓದುಗರಲ್ಲಿ ಒಂದು ಮಾತು. ಮನೆಯಲ್ಲಿ ಇಂಥ ಗಡಿಯಾರ ಇದ್ದರೆ ಹಬ್ಬಕ್ಕೆಂದು ಅದರ ಹಿತ್ತಾಳೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ಆ ಕಪ್ಪು ಹೋದರೆ ಹಳೇ ಗೀರು ಯಾವುದು, ಹೊಸದು ಯಾವುದು ಎಂದು ಹೇಳಲು ಯಾವ ಭೂತಗನ್ನಡಿಯಿಂದಲೂ ಆಗದು.