ಬಬ್ಬೂರಿನ ಮನೆ, ಒಂಬತ್ತು ಫೋಟೋ, ಹದಿನಾಲ್ಕು ಬಾಕ್ಸ್

ಹಿರಿಯೂರು ಪಕ್ಕದ ಬಬ್ಬೂರಲ್ಲಿ ಒಬ್ಬರೇ ಇದ್ದ ದೊಡ್ಡಮ್ಮ ಚಿತ್ರದುರ್ಗಕ್ಕೆ ಬರೋದು ಅಂತ ತೀರ್ಮಾನ ಆಯ್ತು. ಹೆದ್ದಾರಿಯಲ್ಲಿ ಸುಮಾರು 40 ಕಿ.ಮೀ. ದಾರಿ. ಗಾಡಿ ಸಿಗೋದು ಭಾನುವಾರ ಒಂದೇ ದಿನ. ನಾನು ಹಾಸ್ಟೆಲ್‌ನಲ್ಲಿ, ತಮ್ಮ ಊರಲ್ಲಿ. ಅವನು ವಾಟ್ಸಾಪ್‌ನಲ್ಲಿ ನಾಲ್ಕು ಫೋಟೋ ಕಳಿಸಿ, "ಪ್ಲಾನ್ ಮಾಡಣ್ಣ" ಅಂದ. ಹತ್ತಡಿಗೆ ಹನ್ನೆರಡಡಿಯ ಒಂದು ರೂಮು. ಅದರೊಳಗೆ ಮಂಚ, ಬೀರು, ಫ್ರಿಜ್, ಟಿ.ವಿ., ಪುಸ್ತಕದ ಶೆಲ್ಫು, ದೇವರ ಪಟಗಳು, ಉಪ್ಪಿನಕಾಯಿ ಜಾಡಿಗಳು.

ಮೊದಲ ತಪ್ಪು ಮಾಡಿದ್ದು ನಾನೇ. ಕಂಡದ್ದನ್ನಷ್ಟೇ ಎಣಿಸಿ ಪಟ್ಟಿ ಮಾಡಿಬಿಟ್ಟೆ. ಫೋನ್‌ನಲ್ಲಿ ಓದಿ ಹೇಳಿದಾಗ ದೊಡ್ಡಮ್ಮ, "ಫ್ರಿಜ್ಜಿನೊಳಗೆ ನನ್ನ ಇನ್ಸುಲಿನ್ ಐತಲ್ಲೋ, ಅದನ್ನೆಲ್ಲಿ ಇಟ್ಟೆ?" ಅಂದ್ರು. ಫೋಟೋದಲ್ಲಿ ಫ್ರಿಜ್ ಬಾಗಿಲು ಮುಚ್ಚಿತ್ತು! ಅವತ್ತಿಂದ ನಿಯಮ ಬದಲಾಯಿಸಿದೆ: ನಾಲ್ಕು ಮೂಲೆಯಿಂದ ಒಂದೊಂದು ಫೋಟೋ, ಆಮೇಲೆ ಬಾಗಿಲು ತೆಗೆದ ಬೀರು, ತೆಗೆದ ಫ್ರಿಜ್, ಮಂಚದ ಕೆಳಗೆ, ಅಟ್ಟದ ಮೇಲೆ, ಬಾಗಿಲ ಹಿಂದೆ. ಒಟ್ಟು ಒಂಬತ್ತು. ಪ್ರತಿ ಫೋಟೋಗೂ ಒಂದು ನಂಬರು.

ಅಳತೆಗೆ ಒಂದು ಸುಲಭ ಉಪಾಯ ಇದೆ. ಶೆಲ್ಫಿನ ಅಂಚಿಗೆ ಎ4 ಹಾಳೆಯನ್ನ ಅಡ್ಡಲಾಗಿ ಅಂಟಿಸಿ, ನೇರವಾಗಿ ಎದುರು ನಿಂತು ಫೋಟೋ ತೆಗೀಬೇಕು. ಹಾಳೆಯ ಉದ್ದ 29.7 ಸೆಂ.ಮೀ. ಫೋಟೋದಲ್ಲಿ ಪುಸ್ತಕದ ಸಾಲು ಹಾಳೆಯ ಮೂರರಷ್ಟಿದ್ರೆ, ಅದು ಹೆಚ್ಚುಕಡಿಮೆ 90 ಸೆಂ.ಮೀ. ಆದರೆ ಹಾಳೆ ಇರುವ ದೂರದಲ್ಲೇ ಇರುವ ವಸ್ತುವಿಗೆ ಮಾತ್ರ ಈ ಲೆಕ್ಕ. ಹಿಂದಿನ ಗೋಡೆಯ ಸಾಮಾನು ಇದ್ದದ್ದಕ್ಕಿಂತ ಚಿಕ್ಕದಾಗಿ ಕಾಣುತ್ತೆ.

ಆ ಸಾಲು 90 ಉದ್ದ, 24 ಎತ್ತರ, 18 ಅಗಲ, ಅಂದರೆ ಸುಮಾರು 39 ಲೀಟರ್ ಜಾಗ. 45×30×30 ಸೆಂ.ಮೀ. ಬಾಕ್ಸಿನ ಅಳತೆ ಸುಮಾರು 40 ಲೀಟರ್, ಒಂದೇ ಬಾಕ್ಸಿಗೆ ಸರಿಹೋಗುತ್ತೆ ಅನ್ಸುತ್ತೆ. ಆದರೆ ಕಾಗದದ ತೂಕ ನೋಡಿದ್ರೆ 27 ಕೆ.ಜಿ. ದಾಟುತ್ತೆ, ಎತ್ತಿದ ಕೂಡಲೇ ತಳ ಕಿತ್ತುಬರುತ್ತೆ. ಅದಕ್ಕೇ ಪುಸ್ತಕಗಳನ್ನ ಎರಡು ಬಾಕ್ಸಿಗೆ ಅರ್ಧರ್ಧ ಹಂಚಿ, ಮೇಲಿನ ಖಾಲಿ ಜಾಗಕ್ಕೆ ಬಟ್ಟೆ ತುಂಬೋಕೆ ಹೇಳಿದೆ.

ಒಡೆಯುವ ಸಾಮಾನಿಗೆ ಕಾರಣ ತಿಳಿದ್ರೆ ವಿಧಾನ ತಾನೇ ಹೊಳೆಯುತ್ತೆ. ಪಿಂಗಾಣಿ ತಟ್ಟೆ, ಗಾಜಿನ ಪಟಗಳನ್ನ ಮಲಗಿಸಿ ಒಂದರ ಮೇಲೊಂದು ಇಟ್ಟರೆ, ರಸ್ತೆಯ ಹಂಪ್‌ಗೆ ಮೇಲಿನ ಭಾರ ಕೆಳಗಿನದನ್ನ ಬಾಗಿಸುತ್ತೆ. ಗಾಜು ಬಾಗೋದಿಲ್ಲ, ಸೀಳುತ್ತೆ. ಅಂಚಿನ ಮೇಲೆ ನಿಲ್ಲಿಸಿದ್ರೆ ಆ ಬಾಗುವಿಕೆ ಇರಲ್ಲ. ಆದ್ದರಿಂದ ಎರಡೆರಡು ಪಟ ಮುಖಾಮುಖಿ, ನಡುವೆ ಹಳೇ ಸೀರೆ, ಬಾಕ್ಸಿನ ತಳಕ್ಕೆ ಮಡಿಸಿದ ಕೌದಿ. ಗಾಜಿಗೆ ಅಡ್ಡಡ್ಡ ಅಂಟಿಸುವ ಟೇಪು ಒಡೆಯೋದನ್ನ ತಡೆಯಲ್ಲ, ಒಡೆದ ಚೂರನ್ನ ಹಿಡಿದಿಡುತ್ತೆ ಅಷ್ಟೇ. ಮುಚ್ಚಿದ ಮೇಲೆ ಬಾಕ್ಸನ್ನ ಮೆಲ್ಲಗೆ ಅಲ್ಲಾಡಿಸಬೇಕು. ಒಳಗೆ ಸದ್ದು ಬಂದ್ರೆ ಜಾಗ ಖಾಲಿ ಇದೆ ಅಂತ ಅರ್ಥ. ಬಿಚ್ಚಿ ಮತ್ತೆ ತುಂಬಿ. ಉಪ್ಪಿನಕಾಯಿ ಜಾಡಿ ಮಾತ್ರ ಬಾಕ್ಸಿಗೆ ಬೇಡ. ಮುಚ್ಚಳದಡಿ ಪ್ಲಾಸ್ಟಿಕ್ ಹಾಳೆ ಕಟ್ಟಿ, ಬಕೆಟ್ಟಿನಲ್ಲಿ ನಿಲ್ಲಿಸಿ, ಸುತ್ತ ಬಟ್ಟೆ ತುರುಕಿ, ತಮ್ಮನ ಕಾಲ ಹತ್ರ.

ಇನ್ನು ಲೇಬಲ್. ಬಾಕ್ಸಿನ ಮೇಲ್ಮೈಲಿ ಬರೆದ್ರೆ, ಇನ್ನೊಂದು ಬಾಕ್ಸ್ ಅದರ ಮೇಲೆ ಕೂತ ತಕ್ಷಣ ಕಾಣಲ್ಲ. ಎರಡು ಪಕ್ಕದಲ್ಲಿ ಬರೀಬೇಕು: "7/14, ಅಡುಗೆಮನೆ, ಒಡೆಯುತ್ತೆ, ಈ ಕಡೆ ಮೇಲೆ". 14 ಅನ್ನೋದು ಒಟ್ಟು ಸಂಖ್ಯೆ. ಇಳಿಸುವಾಗ ಒಂದು ಕಮ್ಮಿಯಾದ್ರೆ ಗಾಡಿ ಹೊರಡೋ ಮುಂಚೆಯೇ ಗೊತ್ತಾಗುತ್ತೆ. ಒಳಗೇನಿದೆ ಅನ್ನೋದು ನೋಟ್‌ಬುಕ್ಕಿನಲ್ಲಿ, ಪಕ್ಕದಲ್ಲಿ ಫೋಟೋ ನಂಬರು. "ಬೀರು, ಫೋಟೋ 5" ಅಂತಿದ್ರೆ ಹೊಸ ಮನೆಯಲ್ಲಿ ಯಾವುದು ಎಲ್ಲಿತ್ತು ಅಂತ ನೋಡಿಕೊಂಡೇ ಜೋಡಿಸಬಹುದು. ಮಂಚದ ಬೋಲ್ಟುಗಳನ್ನ ಕವರಿಗೆ ಹಾಕಿ ಮಂಚದ ಪಟ್ಟಿಗೇ ಟೇಪು ಸುತ್ತಿದ್ದಾಯ್ತು.

ಇನ್ಸುಲಿನ್‌ಗೆ ನಂಬರೇ ಇರಲಿಲ್ಲ. ಬಳಸದ ಬಾಟಲಿ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿರಬೇಕು, ಹೆಪ್ಪುಗಟ್ಟಿದ್ರೆ ಅದು ದಂಡ. ಹಾಗಾಗಿ ಐಸ್‌ಪ್ಯಾಕ್‌ಗೆ ಟವೆಲ್ ಸುತ್ತಿ, ಬಾಟಲಿಗೆ ನೇರ ತಾಗದಂತೆ ಚಿಕ್ಕ ಡಬ್ಬಿಯಲ್ಲಿಟ್ಟು, ಅದು ದೊಡ್ಡಮ್ಮನ ಕೈಚೀಲಕ್ಕೆ ಹೋಯ್ತು. ಜೊತೆಗೆ ಮಾತ್ರೆ, ಕನ್ನಡಕ, ಬೀರುವಿನ ಕೀ.

ಸಂಜೆ ನಾಲ್ಕಕ್ಕೆ ತಮ್ಮನ ಮೆಸೇಜು ಬಂತು: "14ಕ್ಕೆ 14 ಇಳಿಸಿದ್ವಿ. ಒಂದು ಲೋಟ ಒಡೀತು." ಯಾವ ಲೋಟ ಅಂತ ನೋಡಿದ್ರೆ, ಕಿಟಕಿ ಮೇಲಿದ್ದದ್ದು. ನನ್ನ ಒಂಬತ್ತು ಫೋಟೋದಲ್ಲಿ ಆ ಕಿಟಕಿಗೆ ಪರದೆ ಎಳೆದಿತ್ತು.